ಪೋರ್ಟ್ ಆದ್ಮೇಲೆ ಕೆಲವ್ರಿಗೆ ಮಾತ್ರ ಕಾಲ್ ಸಿಗ್ತಿಲ್ವಾ? ತಪ್ಪು ಯಾವ ಕಂಪ್ನಿಯಲ್ಲಿದೆ ಅಂತ ಹಿಡಿಯೋದು ಹೀಗೆ

ನಂಬರ್ ಪೋರ್ಟ್ ಮಾಡ್ಸಿದ್ದೀರಿ, ಹೊಸ ಸಿಮ್ ಆನ್ ಆಗಿದೆ, ನೆಟ್ ಓಡ್ತಿದೆ, ವಾಟ್ಸಾಪ್ ಬರ್ತಿದೆ, ನೀವು ಯಾರಿಗೆ ಬೇಕಾದ್ರೂ ಫೋನ್ ಮಾಡ್ಬಹುದು. ಆದ್ರೆ ನಿಮಗೆ ಫೋನ್ ಮಾಡೋರಲ್ಲಿ ಕೆಲವ್ರಿಗೆ ಸಿಗುತ್ತೆ, ಕೆಲವ್ರಿಗೆ ಸಿಗಲ್ಲ. ಈ ಒಂದು ದೋಷದ ಬಗ್ಗೆ ಮಾತ್ರ ಇಲ್ಲಿ ಬರೀತಿದ್ದೀನಿ, ಯಾಕಂದ್ರೆ ಕೊಡಗಲ್ಲಿ ಪೋರ್ಟ್ ಮಾಡ್ಸೋರು ಜಾಸ್ತಿ (ತೋಟಕ್ಕೆ ಯಾವ ಟವರ್ ಹತ್ರ ಇದೆಯೋ ಆ ಕಂಪ್ನಿಗೆ ಹೋಗ್ಲೇಬೇಕಲ್ಲ) ಮತ್ತೆ ಈ ದೋಷ ಬಂದಾಗ ಎಲ್ರೂ ಹೋಗಿ ಜಗಳ ಆಡೋದು ಹೊಸ ಕಂಪ್ನಿ ಹತ್ರ. ಅಲ್ಲಿ ಅವ್ರು ಸಿಸ್ಟಮ್ ನೋಡಿ "ಸರ್ ನಮ್ಮಲ್ಲಿ ಎಲ್ಲಾ ಸರಿ ಇದೆ" ಅಂತಾರೆ, ನಮಗೆ ಮೈ ಉರಿಯುತ್ತೆ. ಆದ್ರೆ ಸುಮಾರು ಸಲ ಅವ್ರು ಹೇಳೋದು ನಿಜಾನೇ ಆಗಿರುತ್ತೆ.

ಯಾಕೆ ಅಂತ ಅರ್ಥ ಆಗ್ಬೇಕಂದ್ರೆ ಒಂದು ಕಾಲ್ ದಾರಿ ಹುಡುಕೋದು ಹೇಗೆ ಅಂತ ಸ್ವಲ್ಪ ಗೊತ್ತಿರ್ಬೇಕು.

ನಂಬರ್ ನೋಡಿ ಕಂಪ್ನಿ ಹೇಳೋ ಕಾಲ ಹೋಯ್ತು

ಮೊದಲೆಲ್ಲ ಸುಲಭ ಇತ್ತು. 9448 ಅಂದ್ರೆ ಕರ್ನಾಟಕದ ಬಿಎಸ್‌ಎನ್‌ಎಲ್, 9845 ಅಂದ್ರೆ ಏರ್‌ಟೆಲ್, ಹೀಗೆ ಮೊದಲ ಅಂಕಿಗಳನ್ನ ನೋಡಿದ್ರೆ ಯಾವ ಕಂಪ್ನಿ ಯಾವ ಸರ್ಕಲ್ ಅಂತ ಎಕ್ಸ್‌ಚೇಂಜಿಗೆ ಗೊತ್ತಾಗ್ತಿತ್ತು, ಅದೇ ಕಡೆಗೆ ಕಾಲ್ ತಳ್ಳಿದ್ರೆ ಮುಗೀತು. 2010ರ ನವೆಂಬರಲ್ಲಿ ಹರಿಯಾಣದಲ್ಲಿ ಪೋರ್ಟಿಂಗ್ ಶುರು ಆಯ್ತು, 2011ರ ಜನವರಿ 20ಕ್ಕೆ ಇಡೀ ದೇಶಕ್ಕೆ ಬಂತು, 2015ರ ಜುಲೈಯಿಂದ ಒಂದು ಸರ್ಕಲ್ ಬಿಟ್ಟು ಇನ್ನೊಂದಕ್ಕೂ ನಂಬರ್ ಒಯ್ಯಬಹುದು ಅಂತ ಆಯ್ತು. ಅಲ್ಲಿಂದ ಈಚೆಗೆ ಮೊದಲ ಅಂಕಿಗಳು ನಮ್ಮ ಕಡೆ ಮನೆಪೆಸರು ಇದ್ದ ಹಾಗೆ, ಕೇಳಿದ್ರೆ ಯಾವ ಒಕ್ಕದವರು ಅಂತ ಗೊತ್ತಾಗುತ್ತೆ, ಆ ಮನುಷ್ಯ ಈಗ ವಿರಾಜಪೇಟೆಲಿದ್ದಾನೋ ಬೆಂಗ್ಳೂರಲ್ಲಿದ್ದಾನೋ ಅಂತ ಗೊತ್ತಾಗಲ್ಲ.

ಹಾಗಾಗಿ ಈಗ ಏನ್ಮಾಡ್ತಾರೆ ಅಂದ್ರೆ, ಪೋರ್ಟ್ ಆದ ಎಲ್ಲಾ ನಂಬರಿನ ಲೆಕ್ಕ ಒಂದು ಕೇಂದ್ರ ಡೇಟಾಬೇಸಲ್ಲಿ ಇಡ್ತಾರೆ. ಅದನ್ನ ನೋಡ್ಕೊಳ್ಳೋದು ಮೊಬೈಲ್ ಕಂಪ್ನಿಗಳಲ್ಲ, ಪೋರ್ಟಿಂಗ್ ಕೆಲಸಕ್ಕೇ ಅಂತ ಲೈಸೆನ್ಸ್ ಪಡೆದ ಬೇರೆ ಸಂಸ್ಥೆಗಳು. ದೇಶಾನ ಎರಡು ಝೋನ್ ಮಾಡಿದ್ದಾರೆ, ಕರ್ನಾಟಕ ಇರೋದು ಎರಡನೇ ಝೋನಲ್ಲಿ. ಪ್ರತಿ ಕಂಪ್ನಿಗೂ ಪ್ರತಿ ಸರ್ಕಲ್‌ಗೂ ಒಂದೊಂದು 4 ಅಂಕಿಯ ಗುರುತು ಇದೆ, ಇದಕ್ಕೆ ಎಲ್‌ಆರ್‌ಎನ್ ಅಂತಾರೆ. ಡೇಟಾಬೇಸಲ್ಲಿರೋದು ಇಷ್ಟೇ: ಈ ನಂಬರು, ಅದು ಈಗ ಇರೋ ಕಡೆಯ ಎಲ್‌ಆರ್‌ಎನ್.

ಮುಖ್ಯವಾದ ವಿಷ್ಯ ಈಗ ಬರುತ್ತೆ. ಪ್ರತಿ ಕಾಲಿಗೂ ಎಲ್ರೂ ಹೋಗಿ ಆ ಕೇಂದ್ರದ ಡೇಟಾಬೇಸನ್ನ ಕೇಳಲ್ಲ. ಪ್ರತಿ ಕಂಪ್ನಿನೂ ಅದರ ಒಂದು ನಕಲು ತನ್ನ ಹತ್ರ ಇಟ್ಕೊಂಡಿರುತ್ತೆ. ಒಂದು ನಂಬರ್ ಪೋರ್ಟ್ ಆದ ತಕ್ಷಣ ಕೇಂದ್ರದಿಂದ ಎಲ್ಲಾ ಕಂಪ್ನಿಗೂ ಒಂದು ಸಂದೇಶ ಹೋಗುತ್ತೆ, ಈ ನಂಬರು ಇನ್ಮೇಲೆ ಇಂಥಾ ಎಲ್‌ಆರ್‌ಎನ್ ಅಂತ, ಅವ್ರವ್ರು ತಮ್ಮ ನಕಲನ್ನ ತಿದ್ಕೋಬೇಕು. ಮತ್ತೆ ಕಾಲ್ ಬಂದಾಗ ಆ ನಕಲನ್ನ ತೆಗೆದು ನೋಡೋ ಜವಾಬ್ದಾರಿ ಯಾರ್ದು ಅಂದ್ರೆ ಕಾಲ್ ಶುರು ಆದ ಕಂಪ್ನಿದು, ಅಂದ್ರೆ ಫೋನ್ ಮಾಡೋರ ಕಂಪ್ನಿದು. ಬೇರೆ ಕೆಲವು ದೇಶದಲ್ಲಿ ಕಾಲ್ ಮೊದಲು ಹಳೇ ಕಂಪ್ನಿಗೆ ಹೋಗಿ ಅಲ್ಲಿಂದ ಮುಂದೆ ಹೋಗೋ ಪದ್ಧತಿ ಇದೆ, ನಮ್ಮಲ್ಲಿ ಹಾಗಿಲ್ಲ. ಫೋನ್ ಮಾಡೋರ ಕಂಪ್ನಿನೇ ಮೊದಲು ನಕಲು ನೋಡಿ, ಎಲ್‌ಆರ್‌ಎನ್ ಸಿಕ್ಕಿದ್ರೆ ಅದನ್ನ ನಂಬರಿನ ಮುಂದೆ ಅಂಟಿಸಿ, ಆ ಗುರುತಿನ ಕಂಪ್ನಿಗೆ ನೇರ ಕಳ್ಸುತ್ತೆ. ಎಲ್‌ಆರ್‌ಎನ್ ಸಿಗದಿದ್ರೆ "ಇದು ಪೋರ್ಟ್ ಆಗಿಲ್ಲ" ಅಂದ್ಕೊಂಡು ಹಳೇ ಪದ್ಧತಿ ಪ್ರಕಾರ ಸೀರೀಸ್ ನೋಡಿ ಕಳ್ಸುತ್ತೆ.

ಕಾಲ್ ನಿಮ್ಮ ಹೊಸ ಕಂಪ್ನಿಗೆ ತಲುಪಿದ್ಮೇಲೆ ಅಲ್ಲಿ ಇನ್ನೊಂದು ಹುಡುಕಾಟ ಇರುತ್ತೆ. ಗ್ರಾಹಕರ ದಾಖಲೆ ಇರೋ ಡೇಟಾಬೇಸಿಗೆ ಎಚ್‌ಎಲ್‌ಆರ್ ಅಂತಾರೆ (4ಜಿಯಲ್ಲಿ ಅದೇ ಕೆಲಸಕ್ಕೆ ಎಚ್‌ಎಸ್‌ಎಸ್), ಅದನ್ನ ಕೇಳಿದ್ರೆ ಈ ಸಿಮ್ ಈಗ ಯಾವ ಕಡೆ ರಿಜಿಸ್ಟರ್ ಆಗಿದೆ ಅಂತ ಹೇಳುತ್ತೆ, ಅಲ್ಲಿಗೆ ರಿಂಗ್ ಹೋಗುತ್ತೆ. ಕುಟ್ಟದ ಕಡೆಯೋರಿಗೆ ಫೋನ್ ಎಷ್ಟೋ ಸಲ ಕೇರಳದ ಟವರ್ ಹಿಡಿಯುತ್ತೆ, ಆದ್ರೂ ಒಳಬರೋ ಕಾಲ್ ಸಿಗುತ್ತಲ್ಲ, ಅದು ಈ ಎರಡನೇ ಹುಡುಕಾಟದ ಕೆಲಸ. ಅದಕ್ಕೂ ಪೋರ್ಟಿಂಗಿಗೂ ಸಂಬಂಧ ಇಲ್ಲ, ಎರಡನ್ನ ಕಲಸ್ಕೊಂಡ್ರೆ ದೋಷ ಹುಡುಕೋವಾಗ ದಾರಿ ತಪ್ಪುತ್ತೆ.

ಈಗ ಗೊತ್ತಾಯ್ತಲ್ಲ, ನಿಮಗೆ ಬರೋ ಕಾಲಿನ ದಾರಿ ತೀರ್ಮಾನ ಆಗೋದು ನೀವು ದುಡ್ಡು ಕೊಡೋ ಕಂಪ್ನಿಯಲ್ಲಲ್ಲ. ಒಬ್ಬೊಬ್ರು ಫೋನ್ ಮಾಡಿದಾಗ್ಲೂ ಒಂದೊಂದು ಕಂಪ್ನಿಯ ನಕಲು ತೀರ್ಮಾನ ಮಾಡುತ್ತೆ. ಯಾವುದೋ ಒಂದು ನಕಲು ಹಳೇದಾಗಿದ್ರೆ ಆ ಕಂಪ್ನಿಯ ಗ್ರಾಹಕರಿಗೆ ಮಾತ್ರ ನೀವು ಸಿಗಲ್ಲ.

ಮೊದಲು ಇದು ಪೋರ್ಟಿಂಗ್ ದೋಷ ಹೌದಾ ನೋಡ್ಕೊಳ್ಳಿ

ಯಾರಿಗೂ ಸಿಗ್ತಿಲ್ಲ ಅಂದ್ರೆ ಈ ಬರಹದ ಮುಂದಿನ ಭಾಗ ನಿಮಗೆ ಬೇಡ. ಅದು ಸಿಗ್ನಲ್, ಫೋನು, ಇಲ್ಲಾ ಹೊಸ ಕಂಪ್ನಿಯ ಎಚ್‌ಎಲ್‌ಆರ್ ಸಮಸ್ಯೆ, ಹೊಸ ಕಂಪ್ನಿಗೇ ಹೋಗಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಬ್ಯಾಟರಿ ಖಾಲಿ ಆಗಿರೋದೇ ಹೆಚ್ಚು. ಇನ್ನೊಂದು, ಹೊಸ ಕಂಪ್ನಿಗೆ ನಿಮ್ಮ ಜಾಗದಲ್ಲಿ 4ಜಿ ಮಾತ್ರ ಇದ್ದು ಫೋನಲ್ಲಿ ವೋಲ್ಟೆ ಆಫ್ ಆಗಿದ್ರೆ ನೆಟ್ ಚೆನ್ನಾಗಿ ಓಡುತ್ತೆ, ಕಾಲ್ ಮಾತ್ರ ಒಂದೂ ಬರಲ್ಲ, ಹೋಗೋದೂ ಇಲ್ಲ. ಸೆಟ್ಟಿಂಗ್ಸಲ್ಲಿ ಅದನ್ನ ಆನ್ ಮಾಡಿದ್ರೆ ಸರಿ ಹೋಗುತ್ತೆ.

ಪೋರ್ಟ್ ಆದ ಆ ರಾತ್ರಿನೇ ಗಾಬರಿ ಬೀಳೋದೂ ಬೇಡ. ಕೊನೆ ಹಂತದಲ್ಲಿ ಹಳೇ ಕಂಪ್ನಿ ಸಿಮ್ ಕಟ್ ಮಾಡುತ್ತೆ, ಆಮೇಲೆ ಹೊಸದು ಆನ್ ಮಾಡುತ್ತೆ, ಆಮೇಲೆ ಎಲ್ರಿಗೂ ಸಂದೇಶ ಹೋಗುತ್ತೆ, ಈ ನಡುವೆ ಸುಮಾರು 4 ಗಂಟೆ ತನಕ ಸೇವೆ ಇಲ್ಲದೆ ಇರಬಹುದು ಅಂತ ಮೊದಲೇ ಹೇಳಿರ್ತಾರೆ. ಮಾರನೇ ದಿನವೂ ಕೆಲವ್ರಿಗೆ ಸಿಗ್ತಿಲ್ಲ ಅಂದ್ರೆ ಮಾತ್ರ ಕೆಲಸ ಶುರು ಮಾಡಿ.

ಲ್ಯಾಂಡ್‌ಲೈನಿಂದ ಮಾತ್ರ ಸಿಗಲ್ಲ ಅನ್ನೋರು ಒಂದ್ಸಲ ನಂಬರಿನ ಮುಂದೆ ಸೊನ್ನೆ ಹಾಕ್ತಿದ್ದಾರಾ ಕೇಳಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಯಾವ ಮೊಬೈಲಿಗೆ ಮಾಡಿದ್ರೂ ಮುಂದೆ 0 ಹಾಕ್ಲೇಬೇಕು. ತೋಟದ ಬಂಗಲೆಗಳಲ್ಲಿ ಇನ್ನೂ ಹಳೇ ಫೋನ್ ಇಟ್ಕೊಂಡಿರೋ ಹಿರಿಯರಿಗೆ ಇದು ಗೊತ್ತೇ ಇರಲ್ಲ, ನಿಮ್ಮ ಪೋರ್ಟಿಂಗ್ ಮೇಲೆ ಸುಮ್ನೆ ಅಪವಾದ ಬರುತ್ತೆ.

ಟೆಸ್ಟ್ ಮಾಡೋ ರೀತಿ, ಒಂದು ನಿಜವಾದ ಕೇಸ್ ಇಟ್ಕೊಂಡು

ಸಿದ್ದಾಪುರದ ಕಡೆ ಒಬ್ರು ಕಾಫಿ ಬೆಳೆಗಾರರು, ಕಾಫಿ ಕೊಯ್ಲಿನ ಟೈಮಲ್ಲಿ ಪೋರ್ಟ್ ಮಾಡ್ಸಿದ್ರು. ಅವ್ರು ನನಗೆ ಫೋನ್ ಮಾಡಿ ಹೇಳಿದ್ದು ಹೀಗೆ: "ಅಣ್ಣಾ, ವ್ಯಾಪಾರಿ ಬೈತಿದ್ದಾನೆ, ರೇಟ್ ಹೇಳೋಕೆ ಮಾಡಿದ್ರೆ ಫೋನ್ ಸ್ವಿಚ್ ಆಫ್ ಮಾಡ್ಕೊಂಡು ಕೂತಿದ್ದೀರಿ ಅಂತಾನೆ. ಫೋನ್ ನನ್ನ ಕೈಯಲ್ಲೇ ಇದೆ, ಮನೆಯವ್ಳು ಮಾಡಿದ್ರೆ ರಿಂಗ್ ಆಗುತ್ತೆ."

ಈ ಮಾತಲ್ಲೇ ಅರ್ಧ ಉತ್ತರ ಇದೆ. ಹೆಂಡತಿ ಫೋನಿಂದ ರಿಂಗ್ ಆಗುತ್ತೆ ಅಂದ್ರೆ ಟವರ್ ಸರಿ, ಸಿಮ್ ಸರಿ, ಹೊಸ ಕಂಪ್ನಿಯ ಎಚ್‌ಎಲ್‌ಆರಲ್ಲಿ ಹೆಸರು ಸರಿ ಇದೆ. ವ್ಯಾಪಾರಿಗೆ ಬರ್ತಿರೋದು "ಸ್ವಿಚ್ ಆಫ್" ಅನ್ನೋ ಮಾತು, ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಅವ್ರ ನಂಬರಿನ ಚರಿತ್ರೆ ಕೇಳ್ದೆ. ಸಿಮ್ ಮೊದಲು ತಗೊಂಡಿದ್ದು ಒಂದು ಕಂಪ್ನಿಯಲ್ಲಿ, ಅದನ್ನ 'ಕ' ಅನ್ನೋಣ. ಕೆಲವು ವರ್ಷ ಹಿಂದೆ 'ಖ'ಗೆ ಪೋರ್ಟ್ ಆಗಿದ್ರು. ಈಗ 'ಖ'ಯಿಂದ 'ಗ'ಗೆ ಬಂದಿದ್ದಾರೆ. ಇದು ಕೇಳ್ಲೇಬೇಕಾದ ಪ್ರಶ್ನೆ, ಯಾಕಂದ್ರೆ ಎರಡನೇ ಸಲ ಪೋರ್ಟ್ ಆದಾಗ ಸೀರೀಸಿನ ಮಾಲೀಕ ಬೇರೆ, ಬಿಟ್ಟು ಬಂದ ಕಂಪ್ನಿ ಬೇರೆ, ಕಾಲ್ ತಪ್ಪಿ ಹೋಗೋಕೆ ಒಂದರ ಬದಲು ಎರಡು ಜಾಗ ಇರುತ್ತೆ.

ಆಮೇಲೆ ಅವ್ರನ್ನ ಸಿಗ್ನಲ್ ಚೆನ್ನಾಗಿ ಸಿಗೋ ಒಂದು ಜಾಗದಲ್ಲಿ ನಿಲ್ಲೋಕೆ ಹೇಳ್ದೆ. ಇದು ತಮಾಷೆಯಲ್ಲ, ಸಿಲ್ವರ್ ಓಕ್ ಕೆಳಗೆ ಓಡಾಡ್ಕೊಂಡು ಟೆಸ್ಟ್ ಮಾಡಿದ್ರೆ ಯಾವ ಕಾಲ್ ಯಾಕೆ ಸಿಗಲಿಲ್ಲ ಅಂತ ದೇವ್ರಿಗೂ ಗೊತ್ತಾಗಲ್ಲ. ನಿಂತ ಕಡೆನೇ ನಿಂತಿರ್ಬೇಕು, ಆಗ ಒಬ್ಬೊಬ್ರು ಒಂದೊಂದು ಕಂಪ್ನಿಯ ಸಿಮ್ಮಿಂದ ಒಂದರ ಹಿಂದೆ ಒಂದು ಫೋನ್ ಮಾಡ್ಬೇಕು. ಮಾಡೋ ಪ್ರತಿಯೊಬ್ರೂ ಮೂರು ವಿಷ್ಯ ಬರ್ಕೋಬೇಕು: ತಾವು ಈಗ ಯಾವ ಕಂಪ್ನಿ (ತಮ್ಮ ನಂಬರ್ ನೋಡಿ ಅಲ್ಲ, ದುಡ್ಡು ಯಾರಿಗೆ ಕಟ್ತಾರೆ ಅಂತ, ಅವ್ರೂ ಪೋರ್ಟ್ ಆಗಿರ್ಬಹುದಲ್ಲ), ಮಾಡಿದ ಸಮಯ ನಿಮಿಷ ಸಮೇತ, ಮತ್ತೆ ಕೇಳಿಸಿದ ಮಾತು ಅಕ್ಷರಕ್ಕೆ ಅಕ್ಷರ. "ಸಿಗ್ಲಿಲ್ಲ" ಅಂತ ಬರೆದ್ರೆ ಪ್ರಯೋಜನ ಇಲ್ಲ. ಸ್ವಿಚ್ ಆಫ್ ಅಂತೋ, ನಂಬರ್ ಅಸ್ತಿತ್ವದಲ್ಲಿಲ್ಲ ಅಂತೋ, ಬ್ಯುಸಿ ಅಂತೋ, ಇಲ್ಲಾ ಏನೂ ಕೇಳದೆ ಕಟ್ ಆಯ್ತೋ, ಅದೇ ಬೇಕು.

ಫಲಿತಾಂಶ ಹೀಗಿತ್ತು. 'ಗ' ಸಿಮ್ಮಿಂದ ರಿಂಗ್ ಆಯ್ತು. 'ಕ'ಯಿಂದ ರಿಂಗ್ ಆಯ್ತು. ಪೋರ್ಟಿಂಗಿಗೆ ಸಂಬಂಧನೇ ಇಲ್ಲದ ನಾಲ್ಕನೇ ಕಂಪ್ನಿ 'ಘ'ಯಿಂದಲೂ ರಿಂಗ್ ಆಯ್ತು. 'ಖ'ಯಿಂದ ಯಾರು ಮಾಡಿದ್ರೂ, ಒಂದ್ಸಲವೂ ರಿಂಗ್ ಆಗದೆ, ತಕ್ಷಣ ಸ್ವಿಚ್ ಆಫ್. ವ್ಯಾಪಾರಿದೂ 'ಖ' ಸಿಮ್ಮು.

'ಕ' ಮತ್ತೆ 'ಘ' ಸರಿ ಹೋಗಿದ್ದರಿಂದ ಕೇಂದ್ರದಿಂದ ಸಂದೇಶ ಹೊರಟಿದೆ, ಅದರಲ್ಲಿ ಎಲ್‌ಆರ್‌ಎನ್ ಸರಿಯಾಗಿದೆ ಅನ್ನೋದು ಗೊತ್ತಾಯ್ತು. ಅದೇ ತಪ್ಪಾಗಿದ್ರೆ ಹೊಸ ಕಂಪ್ನಿ ಬಿಟ್ಟು ಬೇರೆ ಯಾರಿಗೂ ಸಿಗ್ತಿರ್ಲಿಲ್ಲ. ಉಳಿದಿದ್ದು 'ಖ' ಒಂದೇ. ಈಗ ಅಲ್ಲಿ ಏನಾಗಿದೆ ಅಂತ ಆ ಮಾತು ಹೇಳುತ್ತೆ.

ಕೇಳಿಸಿದ ಮಾತಿಂದ ಊಹೆ ಮಾಡೋದು

ಸ್ವಿಚ್ ಆಫ್ ಅಂತ ಯಾವಾಗ ಹೇಳ್ತಾರೆ? ಎಚ್‌ಎಲ್‌ಆರಲ್ಲಿ ನಂಬರ್ ಇದೆ, ಆದ್ರೆ ಆ ಸಿಮ್ ಯಾವ ಟವರಲ್ಲೂ ಇಲ್ಲ ಅಂದಾಗ. ಅಂದ್ರೆ ಯಾರದೋ ಎಚ್‌ಎಲ್‌ಆರ್ ಈ ನಂಬರನ್ನ "ನನ್ನದು" ಅಂತ ಒಪ್ಕೊಂಡಿದೆ. 'ಗ'ಯ ಎಚ್‌ಎಲ್‌ಆರ್ ಆಗಿದ್ರೆ ರಿಂಗ್ ಆಗ್ಬೇಕಿತ್ತು, ಫೋನ್ ಅಲ್ಲೇ ಸಿಗ್ನಲಲ್ಲಿದೆ. ಹಾಗಾಗಿ ಒಪ್ಕೊಂಡಿದ್ದು 'ಖ'ಯದೇ ಎಚ್‌ಎಲ್‌ಆರ್. ಹಳೇ ಸಿಮ್ ಕಟ್ ಮಾಡಿದ್ದಾರೆ, ಆದ್ರೆ ಎಚ್‌ಎಲ್‌ಆರಿಂದ ದಾಖಲೆ ಅಳಿಸೋ ಕೆಲಸ ಮಧ್ಯದಲ್ಲಿ ಎಲ್ಲೋ ನಿಂತಿದೆ. ಎಷ್ಟೋ ಕಡೆ ಎಕ್ಸ್‌ಚೇಂಜು ಒಳಗಿನ ಕಾಲ್ ಬೇಗ ಮುಗೀಲಿ ಅಂತ ಮೊದಲು ತನ್ನ ಗ್ರಾಹಕರ ಪಟ್ಟಿ ನೋಡಿ, ಅಲ್ಲಿ ಸಿಗದಿದ್ರೆ ಮಾತ್ರ ಪೋರ್ಟಿಂಗ್ ನಕಲು ನೋಡೋ ಹಾಗೆ ಇಟ್ಟಿರ್ತಾರೆ. ಪಟ್ಟಿಯಲ್ಲಿ ಸತ್ತ ಸಿಮ್ಮಿನ ದಾಖಲೆ ಸಿಕ್ತು, ಅಲ್ಲೇ ನಿಂತ್ಬಿಡ್ತು, ನಕಲಿನ ತನಕ ಹೋಗ್ಲೇ ಇಲ್ಲ. ನಕಲು ಸರಿಯಾಗೇ ಇದ್ರೂ ಈ ದೋಷ ಬರುತ್ತೆ ಅನ್ನೋದು ಇದರ ಕಿತಾಪತಿ.

ಇದರದೇ ಇನ್ನೊಂದು ರೂಪ ಇದೆ, ಹಳೇ ಸಿಮ್ಮಲ್ಲಿ ಕಾಲ್ ಫಾರ್ವರ್ಡ್ ಹಾಕಿದ್ರೆ ಹಳೇ ಕಂಪ್ನಿಯೋರು ಮಾಡಿದ ಕಾಲ್ ಆ ಫಾರ್ವರ್ಡ್ ನಂಬರಿಗೇ ಹೋಗುತ್ತೆ. ಹೋಮ್‌ಸ್ಟೇ ನಡೆಸೋರು ಮೇನೇಜರ್ ನಂಬರಿಗೆ ಫಾರ್ವರ್ಡ್ ಹಾಕಿರ್ತಾರೆ, ಪೋರ್ಟ್ ಆದ್ಮೇಲೆ ಕೆಲವು ಕಾಲ್ ಮೇನೇಜರಿಗೆ ಹೋಗುತ್ತೆ, ಕೆಲವು ಮಾಲೀಕರಿಗೆ ಬರುತ್ತೆ. ಹೊಸ ಸಿಮ್ಮಲ್ಲಿ ಹುಡುಕಿದ್ರೆ ಫಾರ್ವರ್ಡೇ ಇರಲ್ಲ, ಯಾಕಂದ್ರೆ ಆ ಸೆಟ್ಟಿಂಗ್ ಇರೋದು ಹಳೇ ಎಚ್‌ಎಲ್‌ಆರಲ್ಲಿ.

ಅದೇ ವ್ಯಾಪಾರಿಗೆ "ನೀವು ಕರೆ ಮಾಡಿದ ನಂಬರ್ ಅಸ್ತಿತ್ವದಲ್ಲಿಲ್ಲ" ಅಂತ ಕೇಳಿಸಿದ್ದಿದ್ರೆ ಕತೆ ಬೇರೆ. ಆಗ ದಾಖಲೆ ಅಳಿಸಿದ್ದಾರೆ ಸರಿ, ಆದ್ರೆ ನಕಲಲ್ಲಿ ಎಲ್‌ಆರ್‌ಎನ್ ಬದಲಾಗಿಲ್ಲ. ಕಾಲ್ ತನ್ನ ಹತ್ರನೇ ಬಂತು, ಹುಡುಕಿದ್ರೆ ಆ ನಂಬರಿನ ಗ್ರಾಹಕ ಯಾರೂ ಇಲ್ಲ. ಸಿಗದೆ ಇರೋದು 'ಖ'ಯೋರಿಗಲ್ಲ, 'ಘ'ಯೋರಿಗೆ ಅಂದ್ರೂ ಇದೇ ಮಾತು ಕೇಳ್ಬಹುದು: 'ಘ'ಯ ನಕಲಲ್ಲಿ ಇನ್ನೂ 'ಖ'ಯ ಗುರುತೇ ಇದ್ರೆ ಕಾಲ್ 'ಖ'ಗೆ ಹೋಗಿ ಅಲ್ಲಿಂದ "ಇಲ್ಲ" ಅಂತ ವಾಪಸ್ ಬರುತ್ತೆ. 'ಘ'ಯ ನಕಲಲ್ಲಿ ಈ ನಂಬರಿನ ಸಾಲೇ ಇಲ್ಲದಿದ್ರೆ ಸೀರೀಸ್ ನೋಡಿ 'ಕ'ಗೆ ಹೋಗುತ್ತೆ, ಅಲ್ಲೂ "ಇಲ್ಲ". ಎರಡರಲ್ಲೂ ಸರಿ ಮಾಡ್ಬೇಕಾದ್ದು 'ಘ'ನೇ, ಕಾಲ್ ಎಲ್ಲಿ ಹೋಗಿ ಬಿತ್ತು ಅನ್ನೋದು ಅವ್ರ ಎಂಜಿನಿಯರಿಗೆ ಬೇಕು, ನಮಗೆ ಬೇಡ.

ಒಂದು ಎಚ್ಚರಿಕೆ. ಕೇಳಿಸೋ ದನಿ ಯಾವ ಕಂಪ್ನಿದು ಅಂತ ಗುರುತು ಹಿಡಿದು ತೀರ್ಮಾನ ಮಾಡೋರಿದ್ದಾರೆ, ಅದು ಅಷ್ಟು ನಂಬೋ ಹಾಗಿಲ್ಲ. ಕೆಲವು ಸಲ ಕಾಲ್ ತಲುಪಿದ ಕಂಪ್ನಿನೇ ಆ ಮಾತು ಕೇಳಿಸುತ್ತೆ, ಕೆಲವು ಸಲ ಅದು ಬರೀ ಒಂದು ಕಾರಣದ ಸಂಖ್ಯೆ ವಾಪಸ್ ಕಳ್ಸುತ್ತೆ, ಆ ಸಂಖ್ಯೆಗೆ ತಕ್ಕ ಮಾತು ಹಾಕೋದು ಫೋನ್ ಮಾಡಿದೋರ ಕಂಪ್ನಿ. ನಂಬರ್ ಹಂಚಿಕೆ ಆಗಿಲ್ಲ ಅನ್ನೋದಕ್ಕೆ 1, ಗ್ರಾಹಕ ನೆಟ್‌ವರ್ಕಲ್ಲಿಲ್ಲ ಅನ್ನೋದಕ್ಕೆ 20, ದಾರಿಯ ಲೈನೆಲ್ಲ ತುಂಬಿದೆ ಅನ್ನೋದಕ್ಕೆ 34, ಹೀಗೆ. ಈ 34 ಬಂದ್ರೆ "ಎಲ್ಲಾ ಮಾರ್ಗಗಳೂ ಕಾರ್ಯನಿರತ" ಅಂತ ಕೇಳುತ್ತೆ, ಅದು ಎರಡು ಕಂಪ್ನಿ ಸೇರೋ ಕಡೆ ಜಾಗ ಸಾಲದೆ ಬರೋದು, ಹುತ್ತರಿ ಸಂಜೆ ಬಂದ್ರೆ ಆಶ್ಚರ್ಯ ಬೇಡ, ಪೋರ್ಟಿಂಗ್ ದೋಷ ಅಲ್ಲ. ಹಾಗಾಗಿ ದನಿ ಬಿಡಿ, ಮಾತಿನ ಅರ್ಥ ಹಿಡೀರಿ, ಅದರ ಜೊತೆಗೆ ಯಾವ ಕಂಪ್ನಿಯೋರಿಗೆ ಕೇಳಿಸ್ತು ಅನ್ನೋದನ್ನ ಸೇರ್ಸಿ.

ಇನ್ನೊಂದು ಚಿಕ್ಕ ಟೆಸ್ಟ್, ಸಿಗದೋರ ಹತ್ರ ಅದೇ ನಂಬರನ್ನ ಮೂರು ಥರ ಒತ್ತಿಸಿ: ಬರೀ 10 ಅಂಕಿ, ಮುಂದೆ 0 ಹಾಕಿ, ಮುಂದೆ +91 ಹಾಕಿ. ಎಕ್ಸ್‌ಚೇಂಜಲ್ಲಿ ಇವು ಮೂರೂ ಮೊದಲಿಗೆ ಬೇರೆ ಬೇರೆ ಸಾಲಲ್ಲಿ ನೋಡಲ್ಪಡುತ್ವೆ, ಆಮೇಲೆ ಒಂದೇ ರೂಪಕ್ಕೆ ಬರ್ಬೇಕು. ಒಂದರಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಗದಿದ್ರೆ ನಕಲು ಸರಿ ಇದೆ, ಆ ಒಂದು ರೂಪದಲ್ಲಿ ನಕಲು ನೋಡೋ ಹೆಜ್ಜೆನೇ ತಪ್ಪಿದೆ ಅಂತ ಅರ್ಥ. ಇದು ಅಪರೂಪ, ಆದ್ರೆ ಸಿಕ್ಕಿದ್ರೆ ದೂರಲ್ಲಿ ಬರೆಯೋಕೆ ತುಂಬಾ ಒಳ್ಳೇ ಸಾಕ್ಷಿ. ಬೆಳೆಗಾರರ ಕೇಸಲ್ಲಿ ಮೂರರಲ್ಲೂ ಸ್ವಿಚ್ ಆಫೇ ಬಂತು.

ದೂರು ಯಾರು ಕೊಡ್ಬೇಕು

ಇಲ್ಲೇ ಎಲ್ರೂ ಎಡವೋದು. ಬೆಳೆಗಾರರು ಈಗ 'ಖ'ಯ ಗ್ರಾಹಕರಲ್ಲ, ಅವ್ರು 'ಖ' ಕಸ್ಟಮರ್ ಕೇರಿಗೆ ಮಾಡಿದ್ರೆ "ಈ ನಂಬರ್ ನಮ್ಮದಲ್ಲ ಸರ್" ಅಂತ ಇಡ್ತಾರೆ. 'ಗ'ಗೆ ಮಾಡಿದ್ರೆ ಎಲ್ಲಾ ಸರಿ ಇದೆ ಅಂತಾರೆ, ಅವ್ರ ಎಕ್ಸ್‌ಚೇಂಜಿಗೆ ಆ ಕಾಲ್ ಬಂದೇ ಇಲ್ಲ, ನೋಡೋಕೆ ಏನೂ ಇರಲ್ಲ. ದೂರು ಕೊಡ್ಬೇಕಾದ್ದು ವ್ಯಾಪಾರಿ, ಯಾಕಂದ್ರೆ ಸೇವೆ ಸರಿ ಸಿಗ್ತಿಲ್ಲದಿರೋದು ಅವನಿಗೆ, ಅವನು ಆ ಕಂಪ್ನಿಗೆ ದುಡ್ಡು ಕಟ್ತಾನೆ. ಅವನ 'ಖ' ಸಿಮ್ಮಿಂದಲೇ 198ಕ್ಕೆ ಮಾಡಿ ದೂರು ಬರೆಸಿ ಡಾಕೆಟ್ ನಂಬರ್ ತಗೋಬೇಕು.

ವ್ಯಾಪಾರಿಗೆ ಏನ್ ಹೇಳ್ಬೇಕು ಅಂತ ನಾನು ಬರೆದು ಕೊಟ್ಟಿದ್ದು ಸುಮಾರು ಹೀಗಿತ್ತು: "ನನ್ನ ಈ ನಂಬರಿಂದ ಆ ನಂಬರಿಗೆ ಇಂಥಾ ದಿನ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಮಾಡಿದ್ದೀನಿ, ಸ್ವಿಚ್ ಆಫ್ ಅಂತ ಬಂತು. ಅದೇ ಹೊತ್ತಲ್ಲಿ ಬೇರೆ ಮೂರು ಕಂಪ್ನಿಯಿಂದ ರಿಂಗ್ ಆಗಿದೆ. ಆ ನಂಬರ್ ಇಂಥಾ ದಿನ ನಿಮ್ಮಿಂದ ಪೋರ್ಟ್ ಔಟ್ ಆಗಿದೆ. ನಿಮ್ಮ ಎಚ್‌ಎಲ್‌ಆರಲ್ಲಿ ಆ ನಂಬರಿನ ಹಳೇ ದಾಖಲೆ ಉಳಿದಿದೆಯಾ ನೋಡಿ, ಪೋರ್ಟಿಂಗ್ ಡೇಟಾಬೇಸಲ್ಲಿ ಎಲ್‌ಆರ್‌ಎನ್ ಸರಿ ಇದೆಯಾ ನೋಡಿ." ಫೋನ್ ಎತ್ತೋ ಹುಡುಗ ಹುಡುಗಿಗೆ ಇದು ಅರ್ಥ ಆಗ್ಬೇಕಂತಿಲ್ಲ, ಹೇಳಿದ ಹಾಗೆ ಟೈಪ್ ಮಾಡಿದ್ರೆ ಸಾಕು, ಒಳಗೆ ಎಂಜಿನಿಯರ್ ಕೈಗೆ ಹೋದಾಗ ಎಲ್ಲಿ ನೋಡ್ಬೇಕು ಅಂತ ತಕ್ಷಣ ಗೊತ್ತಾಗುತ್ತೆ. ನಿಮಿಷ ಸಮೇತ ಸಮಯ ಯಾಕಂದ್ರೆ ಅವ್ರು ಆ ಕಾಲಿನ ದಾಖಲೆ ತೆಗೆಯೋಕೆ ಅದೇ ಬೇಕು, "ಬೆಳಗ್ಗೆಯಿಂದ ಟ್ರೈ ಮಾಡ್ತಿದ್ದೀನಿ" ಅಂದ್ರೆ ಏನೂ ಸಿಗಲ್ಲ.

ಮೊದಲು "ಫೋನ್ ಆಫ್ ಮಾಡಿ ಆನ್ ಮಾಡಿ" ಅನ್ನೋ ಉತ್ತರ ಬಂತು, ಅದು ಬರ್ಲೇಬೇಕಲ್ಲ. ಡಾಕೆಟ್ ನಂಬರ್ ಹಿಡ್ಕೊಂಡು ಮತ್ತೆ ಕೇಳಿದ್ಮೇಲೆ ಒಳಗೆ ಹೋಯ್ತು, ಆಮೇಲೆ ರಿಂಗ್ ಆಗೋಕೆ ಶುರು ಆಯ್ತು. ಡಾಕೆಟ್ ಮುಚ್ಚಿ ದೋಷ ಹಾಗೇ ಇದ್ರೆ ಆ ಕಂಪ್ನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗ್ಬಹುದು, ಡಾಕೆಟ್ ನಂಬರ್ ಇಲ್ಲದೆ ಅಲ್ಲಿ ತಗೊಳ್ಳಲ್ಲ. ಟ್ರಾಯ್‌ಗೆ ನೇರ ಬರೆಯೋರಿದ್ದಾರೆ, ಅದು ಒಬ್ಬೊಬ್ಬ ಗ್ರಾಹಕರ ದೂರನ್ನ ತಾನೇ ಬಗೆಹರಿಸೋ ಸಂಸ್ಥೆ ಅಲ್ಲ, ಕಂಪ್ನಿಗೇ ಕಳ್ಸುತ್ತೆ.

ದೋಷ ಎಚ್‌ಎಲ್‌ಆರಲ್ಲದೆ ನಕಲಲ್ಲಿದ್ರೆ ದೂರು ಇನ್ನೂ ಸುಲಭ, ಕೇಂದ್ರದ ಡೇಟಾಬೇಸ್ ಜೊತೆ ಹೋಲಿಸಿ ನೋಡಿದ್ರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ, ಒಂದು ಸಾಲು ತಿದ್ದಿದ್ರೆ ಆಯ್ತು.

ದುಬೈಯಿಂದ ಮಾಡಿದ್ರೆ ಮಾತ್ರ ಸಿಗಲ್ಲ

ನಮ್ಮಲ್ಲಿ ಎಷ್ಟೋ ಮನೆಯೋರು ಗಲ್ಫಲ್ಲಿದ್ದಾರೆ, ಇದೂ ಆಗಾಗ ಬರೋ ಪ್ರಶ್ನೆ. ಅಲ್ಲಿನ ಕಂಪ್ನಿಗೆ ನಮ್ಮ ದೇಶದ ಪೋರ್ಟಿಂಗ್ ಲೆಕ್ಕ ಗೊತ್ತಿರೋದಿಲ್ಲ, ಅದು +91 ನೋಡಿ ಕಾಲನ್ನ ಭಾರತಕ್ಕೆ ಒಯ್ಯೋ ಅಂತಾರಾಷ್ಟ್ರೀಯ ಕಂಪ್ನಿ ಕೈಗೆ ಕೊಡುತ್ತೆ. ಇಲ್ಲಿ ಒಳಗೆ ಬಂದ್ಮೇಲೆ ನಕಲು ನೋಡೋ ಕೆಲಸ ಆ ಅಂತಾರಾಷ್ಟ್ರೀಯ ಕಂಪ್ನಿದು. ಹಾಗಾಗಿ ಇಲ್ಲಿ ಎಲ್ಲರಿಗೂ ಸಿಕ್ಕಿ ಹೊರದೇಶದಿಂದ ಮಾತ್ರ ಸಿಗಲ್ಲ ಅಂದ್ರೆ ಅವ್ರ ನಕಲು ಹಳೇದಾಗಿದೆ. ಒಂದ್ಸಲ ಸಿಕ್ಕಿ ಒಂದ್ಸಲ ಸಿಗಲ್ಲ ಅಂದ್ರೆ ಅಲ್ಲಿನ ಕಂಪ್ನಿ ಒಂದು ಕಾಲನ್ನ ಒಬ್ಬರ ಮೂಲಕ ಇನ್ನೊಂದನ್ನ ಇನ್ನೊಬ್ಬರ ಮೂಲಕ ಕಳ್ಸ್ತಿದೆ, ಒಬ್ಬರ ನಕಲು ಸರಿ, ಇನ್ನೊಬ್ಬರದು ಹಳೇದು. ಈ ಒಂದು ಕೇಸಲ್ಲಿ ಮಾತ್ರ ಹೊಸ ಕಂಪ್ನಿಗೆ ಗಂಟು ಬೀಳ್ಬೇಕು, ಯಾಕಂದ್ರೆ ದುಬೈಲಿರೋ ಮಗನ ಕಂಪ್ನಿಗೆ ಇಲ್ಲಿನ ಡೇಟಾಬೇಸ್ ಮುಟ್ಟೋಕೆ ಆಗಲ್ಲ, 'ಗ'ನೇ ಆ ಅಂತಾರಾಷ್ಟ್ರೀಯ ಕಂಪ್ನಿಗಳಿಗೆ ಹೇಳ್ಬೇಕು. ವಾಟ್ಸಾಪ್ ಕಾಲ್ ಸಿಗುತ್ತಲ್ಲ ಅಂತ ಸಮಾಧಾನ ಮಾಡ್ಕೊಂಡು ಇದನ್ನ ತಿಂಗಳುಗಟ್ಲೆ ಯಾರೂ ಗಮನಿಸೋದೇ ಇಲ್ಲ, ವಾಟ್ಸಾಪಿಗೆ ನಿಮ್ಮ ನಂಬರ್ ಬರೀ ಹೆಸರಿದ್ದ ಹಾಗೆ, ಅದು ಈ ದಾರಿಯಲ್ಲಿ ಬರೋದೇ ಇಲ್ಲ.

ಕಾಲ್ ಸರಿ, ಒಟಿಪಿ ಬರಲ್ಲ

ಎಸ್ಸೆಮ್ಮೆಸ್ಸಿಗೂ ಇದೇ ಥರ ಹುಡುಕಾಟ ಇದೆ, ಆದ್ರೆ ಬೇರೆ ಯಂತ್ರದಲ್ಲಿ, ಹಾಗಾಗಿ ಕಾಲ್ ಸರಿ ಇದ್ದ ಮಾತ್ರಕ್ಕೆ ಮೆಸೇಜ್ ಸರಿ ಅಂತ ಅಲ್ಲ. ಬ್ಯಾಂಕು ಒಟಿಪಿನ ಮಧ್ಯದಲ್ಲಿರೋ ಒಂದು ಸಂಸ್ಥೆಗೆ ಕೊಡುತ್ತೆ, ಅದು ಯಾವುದೋ ಮೊಬೈಲ್ ಕಂಪ್ನಿಯ ಮೆಸೇಜ್ ಸೆಂಟರ್ ಮೂಲಕ ಕಳ್ಸುತ್ತೆ, ನಕಲು ನೋಡೋದು ಆ ಕಂಪ್ನಿ. ಹೊಸ ಸಿಮ್ ಆನ್ ಆದ ಮೊದಲ 24 ಗಂಟೆ ಮೆಸೇಜ್ ತಡೆಹಿಡಿದಿರೋ ಸಾಧ್ಯತೆ ಇರೋದ್ರಿಂದ ಆ ಒಂದು ದಿನದ್ದು ಲೆಕ್ಕಕ್ಕೆ ಇಟ್ಕೋಬೇಡಿ. ಅದಾದ್ಮೇಲೂ ಬರದಿದ್ರೆ ಮೊದಲು ಬೇರೆ ಬೇರೆ ಕಂಪ್ನಿಯ ಮನುಷ್ಯರಿಂದ ಮಾಮೂಲಿ ಎಸ್ಸೆಮ್ಮೆಸ್ ಕಳ್ಸಿ ನೋಡಿ. ಅವು ಎಲ್ಲಾ ಬಂದು ಒಂದೇ ಬ್ಯಾಂಕಿನ ಒಟಿಪಿ ಮಾತ್ರ ಬರ್ತಿಲ್ಲ ಅಂದ್ರೆ ದೂರು ಬ್ಯಾಂಕಿಗೆ, ಮಡಿಕೇರಿಯ ಮೊಬೈಲ್ ಅಂಗಡಿಗಲ್ಲ. ಮತ್ತೊಂದು ಬ್ಯಾಂಕಿನದು ಬರ್ತಿದ್ರೆ ಅದನ್ನ ಸಮಯ ಸಮೇತ ಸಾಕ್ಷಿಯಾಗಿ ಕೊಡಿ.

ನೋಡೋಕೆ ಹೀಗೇ ಇದ್ದು ಬೇರೆಯಾಗಿರೋ ಒಂದು ದೋಷ

ಪೋರ್ಟ್ ಆಗಿ ಕೆಲವು ವಾರ ಎಲ್ಲಾ ಚೆನ್ನಾಗಿತ್ತು, ಆಮೇಲೆ ಇದ್ದಕ್ಕಿದ್ದ ಹಾಗೆ ಹೊರಹೋಗೋ ಕಾಲ್ ನಿಂತಿತು, ಮತ್ತೆ ಸ್ವಲ್ಪ ದಿನಕ್ಕೆ ಎಲ್ಲಾನೂ ನಿಂತಿತು ಅಂದ್ರೆ ಹಳೇ ಕಂಪ್ನಿಯಲ್ಲಿ ಪೋಸ್ಟ್‌ಪೇಯ್ಡ್ ಇತ್ತಾ ಕೇಳ್ಕೊಳ್ಳಿ. ಪೋರ್ಟ್ ಆದ ದಿನದ ತನಕದ ಕೊನೇ ಬಿಲ್ ಆಮೇಲೆ ಬರುತ್ತೆ, ಅದು ಹಳೇ ವಿಳಾಸಕ್ಕೋ ಹಳೇ ಇಮೇಲಿಗೋ ಹೋಗಿ ಯಾರೂ ನೋಡಿರಲ್ಲ. ಕಟ್ಟದಿದ್ರೆ ಹಳೇ ಕಂಪ್ನಿ ಪೋರ್ಟಿಂಗ್ ಸಂಸ್ಥೆ ಮೂಲಕ ಹೊಸ ಕಂಪ್ನಿಗೆ ಹೇಳಿ ನಂಬರ್ ನಿಲ್ಲಿಸಬಹುದು, ಹೊಸ ಕಂಪ್ನಿಗೆ ನೀವು ರೀಚಾರ್ಜ್ ಮಾಡಿರೋದು ಇಲ್ಲಿ ಲೆಕ್ಕಕ್ಕೆ ಬರಲ್ಲ. ಇದರಲ್ಲಿ ಯಾವ ಕಂಪ್ನಿಯಿಂದ ಮಾಡಿದ್ರೂ ಒಂದೇ ಫಲಿತಾಂಶ, ಅದರಿಂದಲೇ ಮೇಲಿನ ದೋಷಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗೋದು. ಹಳೇ ಕಂಪ್ನಿಯ ಬಾಕಿ ಕಟ್ಟಿ ರಸೀದಿ ತಗೊಂಡು, ಅದನ್ನ ಹೊಸ ಕಂಪ್ನಿಯ ಸ್ಟೋರಲ್ಲಿ ತೋರ್ಸಿ, ಹಳೇ ಕಂಪ್ನಿ ಬಾಕಿ ತೀರಿದೆ ಅಂತ ಸಿಸ್ಟಮಲ್ಲಿ ಹಾಕಿದ್ಮೇಲೆ ಲೈನ್ ವಾಪಸ್ ಬರುತ್ತೆ.